ಮೊದಲು ಬದಲಾಗುವುದು ಏನು?

2018ರ ಬೇಸಿಗೆಯಲ್ಲಿ ಬೊಮ್ಮಸಂದ್ರದ ನಮ್ಮ ಕಾರ್ಖಾನೆ ಪುಣೆಯ ದೊಡ್ಡ ಕಂಪನಿಯೊಂದರಲ್ಲಿ ವಿಲೀನವಾಗುವುದು ತೀರ್ಮಾನವಾಯಿತು. ನಾವು ವಾಹನಗಳ ಬ್ರೇಕಿನ ಬಿಡಿಭಾಗ ಮಾಡುವವರು, ಅವರೂ ಅದನ್ನೇ ಮಾಡುವವರು. ಈ ಸುದ್ದಿಯನ್ನು ನೌಕರರಿಗೆಲ್ಲ ತಿಳಿಸುವ ಇಮೇಲ್ ಬರೆಯುವ ಕೆಲಸ ಎಚ್‌ಆರ್ ವಿಭಾಗದಲ್ಲಿದ್ದ ನನ್ನ ಪಾಲಿಗೆ ಬಂತು. ಆ ಒಂದೂವರೆ ಪುಟದಷ್ಟು ಕಷ್ಟಪಟ್ಟು ನಾನು ಬೇರೇನನ್ನೂ ಬರೆದಿಲ್ಲ.

ಎರಡೂ ಕಂಪನಿಗಳ ಷೇರು ಪೇಟೆಯಲ್ಲಿದ್ದವು. ಹಾಗಾಗಿ ನಿರ್ದೇಶಕ ಮಂಡಳಿ ಒಪ್ಪಿ, ಷೇರುಪೇಟೆಗೆ ತಿಳಿಸುವ ತನಕ ಒಂದು ಮಾತೂ ಹೊರಗೆ ಹೋಗುವಂತಿರಲಿಲ್ಲ. ವಿಲೀನದ ಸುದ್ದಿ ಷೇರಿನ ಬೆಲೆಯನ್ನು ಏರಿಳಿಸುವಂಥದ್ದು. ಅದನ್ನು ಮುಂಚೆ ತಿಳಿದವರು ಯಾರಿಗಾದರೂ ಹೇಳಿದರೆ ಸೆಬಿ ನಿಯಮದ ಪ್ರಕಾರ ಅಪರಾಧ. ಗುಟ್ಟು ಕಾಯುತ್ತೇನೆಂದು ಸಹಿ ಹಾಕಿಸಿಕೊಂಡ ಮೇಲೆಯೇ ನನ್ನ ಕೈಗೆ ಕಾಗದಪತ್ರ ಕೊಟ್ಟರು. ಪಕ್ಕದ ಮೇಜಿನ ಗೆಳತಿ ಆಗಷ್ಟೇ ಸರ್ಜಾಪುರ ರಸ್ತೆಯಲ್ಲಿ ಫ್ಲಾಟಿಗೆ ಮುಂಗಡ ಕೊಟ್ಟಿದ್ದಳು. ಸಾಲದ ಅರ್ಜಿಗೆ ನೌಕರಿಯ ದೃಢೀಕರಣ ಪತ್ರ ಬೇಕೆಂದು ನನ್ನ ಹತ್ತಿರವೇ ಬಂದಳು. ಬರೆದುಕೊಟ್ಟೆ. ಬೇರೆ ಏನನ್ನೂ ಹೇಳುವಂತಿರಲಿಲ್ಲ.

ಮೊದಲ ಕರಡು ಬಂದದ್ದು ಮುಂಬೈಯ ಸಲಹೆಗಾರರಿಂದ. ಎರಡು ಪರಂಪರೆಗಳ ಸಂಗಮ, ಹೊಸ ಪಯಣ, ಅಪಾರ ಅವಕಾಶ ಎಂದೆಲ್ಲ ಮೂರು ಪುಟ ಹರಿದಿತ್ತು. ಓದುವವರು ಹುಡುಕುವ ಸಾಲು ಎರಡನೆಯ ಪುಟದ ನಡುವೆ ಸಿಕ್ಕಿತು: ಈ ವಿಲೀನದಿಂದ ಯಾರ ಉದ್ಯೋಗದ ಮೇಲೂ ಯಾವುದೇ ಪರಿಣಾಮ ಇರುವುದಿಲ್ಲ.

ಆ ಸಾಲು ನಿಜವಾಗಿರಲಿಲ್ಲ. ಸಲಹೆಗಾರರು ಅದನ್ನು ಕೆಟ್ಟ ಉದ್ದೇಶದಿಂದ ಬರೆದಿದ್ದರು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಯೋಜನೆಯ ಕರಡಿನಲ್ಲಿ ಒಂದು ಕಲಮು ಇತ್ತು, ಅದನ್ನೇ ಹಿಗ್ಗಿಸಿ ಬರೆದಿದ್ದರು. ವಿಲೀನ ಯೋಜನೆಗಳಲ್ಲೆಲ್ಲ ಸಾಮಾನ್ಯವಾಗಿ ಇರುವ ಕಲಮು ಅದು: ಹಳೆಯ ಕಂಪನಿಯ ನೌಕರರೆಲ್ಲ ಹೊಸ ಕಂಪನಿಯ ನೌಕರರಾಗುತ್ತಾರೆ, ಸೇವೆ ತುಂಡಾಗುವುದಿಲ್ಲ, ಷರತ್ತುಗಳು ಈಗಿರುವುದಕ್ಕಿಂತ ಕಡಿಮೆಯಾಗುವುದಿಲ್ಲ. ಅದು ಹೇಳುವುದು ದಾಟುವ ದಿನದ ಮಾತನ್ನು. ದಾಟಿದ ಮೇಲೆ ಆರು ತಿಂಗಳಿಗೆ ಏನಾಗುತ್ತದೆ ಎಂಬುದರ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಲೆಕ್ಕಪತ್ರ ವಿಭಾಗ ಅವರಲ್ಲೂ ಇತ್ತು, ನಮ್ಮಲ್ಲೂ ಇತ್ತು. ಖರೀದಿ ವಿಭಾಗ, ಕಂಪನಿ ಕಾರ್ಯದರ್ಶಿಯ ಕಚೇರಿ, ನಮ್ಮ ಎಚ್‌ಆರ್ ಎಲ್ಲವೂ ಎರಡೆರಡು. ಒಂದೇ ಕಂಪನಿಗೆ ಇಬ್ಬರು ಮುಖ್ಯ ಹಣಕಾಸು ಅಧಿಕಾರಿಗಳು ಬೇಕಿಲ್ಲ ಎಂಬುದು ಓದುವವರಿಗೆ ತಿಳಿಯದೇ?

ನಾನು ಕಾನೂನು ಸಲಹೆಗಾರರ ಜೊತೆ ಕೂತು, ಯಾರಿಗೆ ಯಾವ ರಕ್ಷಣೆ ನಿಜವಾಗಿ ಇದೆ ಎಂದು ಬರೆದುಕೊಂಡೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್‌ಎಫ್ ಕಲಮು ಯಂತ್ರದ ಮುಂದೆ ನಿಲ್ಲುವ ಕಾರ್ಮಿಕರ ಬೆನ್ನಿಗಿತ್ತು. ಉದ್ಯಮ ಕೈ ಬದಲಾದರೆ ಒಂದು ವರ್ಷ ಸೇವೆ ಮುಗಿಸಿದ ಕಾರ್ಮಿಕರಿಗೆ ಪರಿಹಾರ ಕೊಡಬೇಕು. ಕೊಡದೇ ಮುಂದುವರಿಸಬೇಕೆಂದರೆ ಸೇವೆ ತುಂಡಾಗಬಾರದು, ಷರತ್ತು ಕಡಿಮೆಯಾಗಬಾರದು, ಮುಂದೆ ಎಂದಾದರೂ ತೆಗೆದರೆ ಹಳೆಯ ವರ್ಷಗಳನ್ನೂ ಸೇರಿಸಿ ಪರಿಹಾರ ಕೊಡುವ ಹೊಣೆ ಹೊಸ ಮಾಲೀಕರದಾಗಬೇಕು. ಇದರ ಮೇಲೆ, ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಯಾರನ್ನಾದರೂ ಹೆಚ್ಚುವರಿ ಎಂದು ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕಿತ್ತು. ನಮ್ಮದು ಅಂಥ ಕಾರ್ಖಾನೆ.

ಮಹಡಿಯ ಮೇಲೆ ಎ.ಸಿ. ಕೋಣೆಯಲ್ಲಿ ಕೂರುವ ಮ್ಯಾನೇಜರುಗಳಿಗೆ ಇದ್ಯಾವುದೂ ಇರಲಿಲ್ಲ. ಮೇಲ್ವಿಚಾರಣೆಯ, ಆಡಳಿತದ ಹುದ್ದೆಯವರು ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ. ಅವರಿಗಿದ್ದದ್ದು ನೇಮಕಾತಿ ಪತ್ರದ ನೋಟಿಸ್ ಅವಧಿ ಮಾತ್ರ, ಹೆಚ್ಚಿನವರಿಗೆ ಎರಡು ತಿಂಗಳು. ಸುದ್ದಿ ಹೊರಬಿದ್ದರೆ ಹೆಚ್ಚು ಹೆದರುವವರು ಕೆಳಗಿನವರು, ಹೆಚ್ಚು ಅಪಾಯದಲ್ಲಿರುವವರು ಮೇಲಿನವರು. ಎಲ್ಲರಿಗೂ ಒಂದೇ ಸಾಲು ಬರೆದರೆ ಇಬ್ಬರಿಗೂ ಸುಳ್ಳು ಹೇಳಿದಂತಾಗುತ್ತಿತ್ತು.

ಎಂ.ಡಿ. ಮುಂದೆ ಇದನ್ನು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಏನಂತ ಬರೀತೀರಮ್ಮ? ಕೆಲಸ ಹೋಗಬಹುದು ಅಂತ ಬರೆದ್ರೆ ನಾಳೆ ಬೆಳಿಗ್ಗೆ ಅರ್ಧ ಆಫೀಸು ರೆಸ್ಯೂಮೆ ಕಳಿಸ್ತಿರುತ್ತೆ" ಎಂದರು.

"ಸರ್, ಪರಿಣಾಮ ಇಲ್ಲ ಅಂತ ಬರೆದ್ರೂ ಕಳಿಸ್ತಾರೆ. ಯಾವ ತಾರೀಖಿಗೆ ಏನು ಗೊತ್ತಾಗುತ್ತೆ ಅಂತ ಬರೆಯೋಣ. ಆ ತಾರೀಖಿನವರೆಗಾದ್ರೂ ಕೆಲವರು ಕಾಯ್ತಾರೆ" ಎಂದೆ.

ಅವರು ಪುಣೆಗೆ ಫೋನ್ ಮಾಡಿದರು. ಎರಡು ದಿನ ಎಳೆದಾಡಿ ಕೊನೆಗೆ ಒಪ್ಪಿಸಿದ ಸಾಲುಗಳು ಇವು. ಇಮೇಲಿನ ಎರಡನೆಯ ಪ್ಯಾರಾದಲ್ಲೇ ಇಟ್ಟೆವು:

"ವಿಲೀನ ಕಾನೂನಿನ ಪ್ರಕಾರ ಜಾರಿಗೆ ಬರುವ ದಿನದವರೆಗೆ ವಿಲೀನದ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಉತ್ಪಾದನೆ, ಗುಣಮಟ್ಟ ಮತ್ತು ನಿರ್ವಹಣಾ ವಿಭಾಗಗಳು ಬೊಮ್ಮಸಂದ್ರದಲ್ಲೇ ಮುಂದುವರಿಯುತ್ತವೆ. ಎರಡೂ ಕಂಪನಿಗಳಲ್ಲಿ ಇರುವ ವಿಭಾಗಗಳಲ್ಲಿ, ಅಂದರೆ ಹಣಕಾಸು, ಖರೀದಿ, ಎಚ್‌ಆರ್, ಐ.ಟಿ. ಮತ್ತು ಕಂಪನಿ ಕಾರ್ಯದರ್ಶಿ ಕಚೇರಿಯಲ್ಲಿ, ಕೆಲವು ಹುದ್ದೆಗಳು ಬದಲಾಗುತ್ತವೆ, ಕೆಲವು ಉಳಿಯುವುದಿಲ್ಲ. ಯಾವುವು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಈ ವಿಭಾಗಗಳ ಪ್ರತಿಯೊಬ್ಬರಿಗೂ ಡಿಸೆಂಬರ್ 15ರೊಳಗೆ ಖುದ್ದಾಗಿ ತಿಳಿಸುತ್ತೇವೆ."

ನನ್ನ ವಿಭಾಗದ ಹೆಸರನ್ನೂ ನಾನೇ ಟೈಪ್ ಮಾಡಿದೆ.

ಆಮೇಲೆ ಬಂದದ್ದು ತಾರೀಖಿನ ತೊಡಕು. ವಿಲೀನಕ್ಕೆ ಎರಡು ದಿನಾಂಕಗಳಿರುತ್ತವೆ. ಒಂದು ಲೆಕ್ಕದ ದಿನಾಂಕ: ಆ ದಿನದಿಂದ ಲಾಭ, ನಷ್ಟ, ಆಸ್ತಿ, ಸಾಲವೆಲ್ಲ ಹೊಸ ಕಂಪನಿಯದೆಂದು ಪುಸ್ತಕದಲ್ಲಿ ಎಣಿಸುತ್ತಾರೆ. ನಮ್ಮದು 2018ರ ಏಪ್ರಿಲ್ 1, ಅಂದರೆ ಘೋಷಣೆಗೆ ಮೊದಲೇ ಕಳೆದುಹೋಗಿದ್ದ ದಿನ. ಇನ್ನೊಂದು ಜಾರಿಯ ದಿನಾಂಕ. ಅದು ಬರಬೇಕಾದರೆ ಮೊದಲು ಷೇರುಪೇಟೆಯ ಒಪ್ಪಿಗೆ ಸಿಗಬೇಕು. ನಂತರ ಕಂಪನಿ ಕಾನೂನು ನ್ಯಾಯಮಂಡಳಿಗೆ ಅರ್ಜಿ ಹೋಗಬೇಕು. ಅದರ ಆದೇಶದಂತೆ ಷೇರುದಾರರ, ಸಾಲ ಕೊಟ್ಟವರ ಸಭೆ ನಡೆದು, ಮತ ಹಾಕಿದವರ ಮೌಲ್ಯದಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಬೇಕು. ತೆರಿಗೆ ಇಲಾಖೆ, ಕಂಪನಿ ರಿಜಿಸ್ಟ್ರಾರ್ ಮುಂತಾದವರ ಆಕ್ಷೇಪಣೆ ಕೇಳಿ ನ್ಯಾಯಮಂಡಳಿ ಎರಡನೆಯ ಸಲ ವಿಚಾರಣೆ ನಡೆಸಬೇಕು. ಕೊನೆಗೆ ಆದೇಶದ ದೃಢೀಕೃತ ಪ್ರತಿಯನ್ನು ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸಿದಾಗ ವಿಲೀನ ಜಾರಿ. ಇಷ್ಟೆಲ್ಲ ಆಗಲು ಒಂದು ವರ್ಷ ಹಿಡಿದರೆ ಅದು ತಡವೆನ್ನಿಸಿಕೊಳ್ಳುವುದಿಲ್ಲ.

ಷೇರುಪೇಟೆಗೆ ಕೊಡುವ ಹೇಳಿಕೆಯಲ್ಲಿ ಎದ್ದು ಕಾಣುವುದು ಲೆಕ್ಕದ ದಿನಾಂಕವೇ. ಪತ್ರಿಕೆಯಲ್ಲೂ ಅದೇ ಬರುತ್ತದೆ. ಅದನ್ನು ಓದಿದವರು, ಏಪ್ರಿಲ್ 1ರಿಂದ ನಾವು ಬೇರೆ ಕಂಪನಿಯ ನೌಕರರಾಗಿಬಿಟ್ಟಿದ್ದೇವೆ, ನಮಗೆ ಹೇಳಿಯೇ ಇಲ್ಲ ಎಂದುಕೊಳ್ಳುವುದು ಸಹಜ. ಹಾಗಾಗಿ ಪತ್ರದಲ್ಲಿ ಅದನ್ನು ನೇರವಾಗಿ ಬಿಡಿಸಿ ಬರೆದೆವು: ಏಪ್ರಿಲ್ 1 ಲೆಕ್ಕಪುಸ್ತಕಕ್ಕೆ ಮಾತ್ರ. ನಿಮ್ಮ ಮಾಲೀಕರು ಬದಲಾಗುವುದು ಜಾರಿಯ ದಿನ. ಅದು ಮುಂದಿನ ವರ್ಷದ ಮೊದಲ ಭಾಗದಲ್ಲಿ ಬರಬಹುದು. ಅಲ್ಲಿಯವರೆಗೆ ಎರಡೂ ಬೇರೆ ಬೇರೆ ಕಂಪನಿಗಳು. ಪುಣೆಯವರು ಫೋನ್ ಮಾಡಿ ಬೆಲೆಪಟ್ಟಿ ಕೇಳಿದರೆ ಕೊಡಬೇಡಿ, ಅವರ ಆದೇಶದ ಮೇಲೆ ಏನನ್ನೂ ಮಾಡಬೇಡಿ.

ಈ ಇಮೇಲ್ ಯಾರಿಗೆ ತಲುಪುತ್ತಿತ್ತು? ಇಮೇಲ್ ಐಡಿ ಇದ್ದವರು ನೌಕರರಲ್ಲಿ ಮೂರನೇ ಒಂದರಷ್ಟು. ಉಳಿದವರದ್ದು ಶಾಪ್ ಫ್ಲೋರು. ಅವರಿಗೆ ನೋಟಿಸ್ ಬೋರ್ಡು, ಅದೂ ಕನ್ನಡದಲ್ಲಿ. ಷೇರುಪೇಟೆ ಮುಚ್ಚುವುದು ಮೂರೂವರೆಗೆ, ಸುದ್ದಿ ಹೊರಬೀಳುವುದು ಅದರ ನಂತರ. ಮೊದಲ ಪಾಳಿ ಮುಗಿಯುವುದು ಎರಡು ಗಂಟೆಗೆ. ಆ ಪಾಳಿಯವರು ಮನೆ ಸೇರಿದ ಮೇಲೆ ವಾಟ್ಸಾಪಿನಲ್ಲಿ ತಿಳಿಯುತ್ತಾರೆ, ಅದೂ ಯಾರೋ ಬಣ್ಣ ಕಟ್ಟಿದ್ದನ್ನು. ಅದನ್ನು ತಪ್ಪಿಸಲು ದಾರಿಯಿರಲಿಲ್ಲ. ಆದ್ದರಿಂದ ಮಾರನೆಯ ಬೆಳಿಗ್ಗೆ ಆರು ಗಂಟೆಗೆ, ಯಂತ್ರ ಶುರುವಾಗುವ ಮುಂಚೆ, ಎಂ.ಡಿ. ತಾವೇ ಲೈನಿನ ಮುಂದೆ ನಿಂತು ಹೇಳುವುದು ಎಂದಾಯಿತು. ಎರಡನೆಯ ಪಾಳಿಗೆ ಸುದ್ದಿ ಹೊರಬಿದ್ದ ಸಂಜೆಯೇ ನಾಲ್ಕೂವರೆಗೆ ಯಂತ್ರ ನಿಲ್ಲಿಸಿ ಹೇಳಿದರು. ನಾನು ಪಕ್ಕದಲ್ಲಿ ನಿಂತಿದ್ದೆ.

ಪ್ರಶ್ನೆ ಕೇಳಲು ಬಿಟ್ಟಾಗ ಯಾರೂ ಕೆಲಸದ ಬಗ್ಗೆ ಕೇಳಲಿಲ್ಲ. ಗ್ರೈಂಡಿಂಗ್ ಸೆಕ್ಷನ್ನಿನ ಹಿರಿಯರೊಬ್ಬರು ಕೈ ಒರೆಸಿಕೊಳ್ಳುತ್ತ ಮುಂದೆ ಬಂದು, "ಸಂಬಳ ಯಾವ ತಾರೀಖಿಗೆ ಬರುತ್ತೆ ಮೇಡಂ?" ಎಂದರು.

ನಮ್ಮಲ್ಲಿ ತಿಂಗಳ ಕೊನೆಯ ದಿನ ಸಂಬಳ ಬೀಳುತ್ತಿತ್ತು. ಪುಣೆಯಲ್ಲಿ ಮುಂದಿನ ತಿಂಗಳ ಏಳಕ್ಕೆ. ವೇತನ ಪಾವತಿ ಕಾಯ್ದೆಯಲ್ಲಿ ಸಾವಿರಕ್ಕಿಂತ ಕಡಿಮೆ ಜನ ಇರುವ ಕಾರ್ಖಾನೆಗೆ ಏಳನೆಯ ತಾರೀಖಿನವರೆಗೆ ಅವಕಾಶವಿತ್ತು, ಸಾವಿರ ಮತ್ತು ಅದರ ಮೇಲಿದ್ದರೆ ಹತ್ತರವರೆಗೆ. ಹಾಗಾಗಿ ಏಳಕ್ಕೆ ಕೊಡುವುದು ತಪ್ಪಲ್ಲ. ಆದರೆ ನಮ್ಮವರ ಮನೆಸಾಲ, ಬೈಕ್ ಸಾಲದ ಕಂತೆಲ್ಲ ಬ್ಯಾಂಕು ಐದನೆಯ ತಾರೀಖಿಗೆ ಎಳೆದುಕೊಳ್ಳುವಂತೆ ಕಟ್ಟಿಹಾಕಿದ್ದವು. ಸಂಬಳ ಏಳಕ್ಕೆ ಬಂದರೆ ಐದರಂದು ಖಾತೆಯಲ್ಲಿ ದುಡ್ಡಿರುವುದಿಲ್ಲ, ಕಂತು ಬೌನ್ಸ್ ಆಗುತ್ತದೆ, ದಂಡ ಬೀಳುತ್ತದೆ, ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ. ಆ ಹಿರಿಯರ ಪ್ರಶ್ನೆ ಒಂದೇ ಸಾಲಿನದ್ದು. ಅದರ ಹಿಂದೆ ಆ ಲೈನಿನ ಅರ್ಧ ಜನರ ಐದನೆಯ ತಾರೀಖು ಇತ್ತು.

ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದಕ್ಕೂ ಒಂದು ಕಲಮು ಇತ್ತು, 9ಎ. ಕಾರ್ಮಿಕರ ಸಂಬಳ ಕೊಡುವ ಅವಧಿ, ವಿಧಾನ ಬದಲಿಸಬೇಕಾದರೆ ಮಾಲೀಕರು 21 ದಿನ ಮುಂಚೆ ನೋಟಿಸ್ ಕೊಡಬೇಕು, ಕಾರ್ಮಿಕ ಸಂಘ ಆಕ್ಷೇಪಿಸಿದರೆ ವಿವಾದವಾಗುತ್ತದೆ. ಪುಣೆಯವರು ಇದನ್ನು ಸಣ್ಣ ವಿಷಯವೆಂದು ನೋಡಿದ್ದರು. ಅವರ ಸಂಬಳದ ತಂತ್ರಾಂಶ ಏಳಕ್ಕೇ ಓಡುವುದು, ಎರಡು ತಾರೀಖು ಇಟ್ಟುಕೊಳ್ಳುವುದು ತೊಂದರೆ ಎಂದರು. ನಮ್ಮ ಕಾರ್ಮಿಕ ಸಂಘದ ಅಧ್ಯಕ್ಷರು ಗಟ್ಟಿ ಮನುಷ್ಯ, ಆದರೆ ಹಟಮಾರಿಯಲ್ಲ. ಸಂಜೆ ನನ್ನ ಕೋಣೆಗೆ ಬಂದು ಕುಳಿತು, "ಮೇಡಂ, ತಾರೀಖು ಬದಲಾಯಿಸೋದಾದ್ರೆ ಬದಲಾಯಿಸಲಿ. ಆದ್ರೆ ಮೊದಲನೇ ತಿಂಗಳು ನಡುವೆ ಒಂದು ವಾರ ಜನ ಏನು ತಿನ್ನಬೇಕು ಅಂತ ಅವರನ್ನ ಕೇಳಿ" ಎಂದರು. ಕೇಳಿದೆವು. ಜಾರಿಯಾದ ಮೊದಲ ತಿಂಗಳಿಗೆ ಅರ್ಧ ಸಂಬಳದಷ್ಟು ಮುಂಗಡ ತಿಂಗಳ ಕೊನೆಗೆ, ಪೂರ್ತಿ ಸಂಬಳ ಏಳಕ್ಕೆ, ಆ ಮುಂಗಡವನ್ನು ಆರು ತಿಂಗಳಲ್ಲಿ ಹಿಡಿದುಕೊಳ್ಳುವುದು ಎಂದಾಯಿತು. ಕಂತಿನ ತಾರೀಖನ್ನು ಹತ್ತಕ್ಕೆ ಬದಲಿಸಿಕೊಡಲು ಬ್ಯಾಂಕಿನವರನ್ನು ಕಾರ್ಖಾನೆಗೇ ಕರೆಸಿ, ಕ್ಯಾಂಟೀನಿನಲ್ಲಿ ಮೇಜು ಹಾಕಿಸಿದೆವು.

ಎರಡನೆಯ ಪ್ರಶ್ನೆ ಜೋಡಣೆ ವಿಭಾಗದ ಹೆಣ್ಣುಮಗಳದು. ಆಕೆ ಸೇರಿ ನಾಲ್ಕು ವರ್ಷ ತುಂಬಿತ್ತು. "ನಮ್ಮ ಸರ್ವೀಸು ಮತ್ತೆ ಒಂದರಿಂದ ಶುರುವಾಗುತ್ತಾ?" ಗ್ರಾಚ್ಯುಟಿಗೆ ಐದು ವರ್ಷದ ನಿರಂತರ ಸೇವೆ ಬೇಕು ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಬೋರ್ಡಿನ ಪಕ್ಕದಲ್ಲೇ ಲೆಕ್ಕ ಬರೆದು ತೋರಿಸಿದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 18,200 ರೂಪಾಯಿ ಎಂದುಕೊಳ್ಳಿ. ಗ್ರಾಚ್ಯುಟಿಗೆ ತಿಂಗಳನ್ನು 26 ದಿನ ಎಂದು ಹಿಡಿಯುತ್ತಾರೆ, ದಿನಕ್ಕೆ 700. ವರ್ಷಕ್ಕೆ ಹದಿನೈದು ದಿನದಂತೆ 10,500. ಐದು ವರ್ಷಕ್ಕೆ 52,500. ಸೇವೆ ಮುಂದುವರಿದರೆ ಇನ್ನೊಂದು ವರ್ಷಕ್ಕೆ ಆಕೆಗೆ ಈ ಹಕ್ಕು ಬರುತ್ತದೆ, ತುಂಡಾದರೆ ಮತ್ತೆ ಐದು ವರ್ಷ ಕಾಯಬೇಕು. ಯೋಜನೆಯ ಕಲಮು ಸೇವೆಯನ್ನು ಮುಂದುವರಿಸುತ್ತಿತ್ತು, ಆದ್ದರಿಂದ ಆಕೆಗೆ ಖಚಿತವಾಗಿ ಉತ್ತರ ಕೊಡುವುದು ಸಾಧ್ಯವಾಯಿತು. ಆದರೆ ಒಂದು ಎಚ್ಚರಿಕೆಯನ್ನೂ ಸೇರಿಸಿದೆ. ಯಾರಾದರೂ ಬಂದು ಹೊಸ ನೇಮಕಾತಿ ಪತ್ರಕ್ಕೆ ಅಥವಾ ರಾಜೀನಾಮೆಗೆ ಸಹಿ ಕೇಳಿದರೆ ಹಾಕಬೇಡಿ, ಮೊದಲು ನನ್ನ ಹತ್ತಿರ ಬನ್ನಿ. ವಿಲೀನದಲ್ಲಿ ನೌಕರರು ರಾಜೀನಾಮೆ ಕೊಟ್ಟು ಸೇರುವುದಿಲ್ಲ, ಇದ್ದಂತೆಯೇ ದಾಟುತ್ತಾರೆ. ರಾಜೀನಾಮೆಯ ಕಾಗದ ಕಡತಕ್ಕೆ ಸೇರಿದರೆ ಸೇವೆ ಅಲ್ಲಿಗೆ ಮುಗಿಯಿತೆಂಬ ವಾದಕ್ಕೆ ದಾರಿಯಾಗುತ್ತದೆ.

ಪಿಎಫ್ ಬಗ್ಗೆ ಹೆಚ್ಚು ಹೇಳುವುದಿರಲಿಲ್ಲ. ಯುಎಎನ್ ಸಂಖ್ಯೆ ಅದೇ ಇರುತ್ತದೆ, ಅದರ ಕೆಳಗೆ ಹೊಸ ಸದಸ್ಯ ಸಂಖ್ಯೆ ಬರುತ್ತದೆ, ಹಳೆಯ ಹಣವನ್ನು ಅದಕ್ಕೆ ವರ್ಗಾಯಿಸಬೇಕು. ತೆರಿಗೆ ಕಟ್ಟುವವರಿಗೆ ಆ ವರ್ಷ ಎರಡು ಫಾರ್ಮ್ 16 ಬರುತ್ತವೆ, ಎರಡನ್ನೂ ಸೇರಿಸಿ ರಿಟರ್ನ್ ಹಾಕಬೇಕು.

ಕಚೇರಿಯ ಮಹಡಿಯಲ್ಲಿ ಪ್ರಶ್ನೆಗಳು ಗಟ್ಟಿಯಾಗಿ ಬರಲಿಲ್ಲ, ಒಬ್ಬೊಬ್ಬರಾಗಿ ಬಂದು ಬಾಗಿಲು ಮುಚ್ಚಿಕೊಂಡು ಕೇಳಿದರು. ಲೆಕ್ಕಪತ್ರ ವಿಭಾಗದ ಒಬ್ಬರ ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಮ್ಮ ಗುಂಪು ವಿಮೆಯಲ್ಲಿ ತಂದೆತಾಯಿ ಸೇರಿದ್ದರು, ಪುಣೆಯವರ ಪಾಲಿಸಿಯಲ್ಲಿ ಹೆಂಡತಿ ಮಕ್ಕಳು ಮಾತ್ರ. ಅಂಥ ಕಾಯಿಲೆ ಇರುವ ಎಪ್ಪತ್ತರ ಮನುಷ್ಯನಿಗೆ ಆಗ ಹೊರಗೆ ಹೊಸ ಪಾಲಿಸಿ ಸಿಗುವುದು ಬಹಳ ಕಷ್ಟವಿತ್ತು. ಅವರಿಗೆ ಹುದ್ದೆಗಿಂತ ಅದು ದೊಡ್ಡ ಚಿಂತೆಯಾಗಿತ್ತು. ಕೆಲಸ ಹೋದರೆ ಇನ್ನೊಂದು ಹುಡುಕುತ್ತೇನೆ, ಅಪ್ಪನ ವಿಮೆ ಎಲ್ಲಿ ಹುಡುಕಲಿ ಎಂದರು. ಇಮೇಲಿನಲ್ಲಿ ನಾವು, ಈಗಿನ ಪಾಲಿಸಿ ಅದರ ಅವಧಿ ಮುಗಿಯುವವರೆಗೆ ಇದ್ದಂತೆಯೇ ಮುಂದುವರಿಯುತ್ತದೆ ಎಂದಷ್ಟೇ ಬರೆದಿದ್ದೆವು. ಅದು ಅವರಿಗೆ ಸಾಲುತ್ತಿರಲಿಲ್ಲ. ಮಾತುಕತೆಯಲ್ಲಿ ನಾನು ಬಿಡದೆ ಹಿಡಿದುಕೊಂಡ ವಿಷಯವೆಂದರೆ ಇದೊಂದೇ. ಷರತ್ತುಗಳು ಕಡಿಮೆಯಾಗುವುದಿಲ್ಲ ಎಂಬ ಕಲಮಿನಲ್ಲಿ ವಿಮೆಯೂ ಸೇರುತ್ತದೆ ಎಂದು ಮತ್ತೆ ಮತ್ತೆ ಬರೆದೆ. ಕೊನೆಗೆ ಈಗಾಗಲೇ ಪಾಲಿಸಿಯಲ್ಲಿರುವ ತಂದೆತಾಯಿ ಮುಂದುವರಿಯುತ್ತಾರೆ, ಕಂತಿನ ಒಂದು ಭಾಗ ನೌಕರರು ಕೊಡಬೇಕು ಎಂದಾಯಿತು. ಪೂರ್ತಿ ಗೆಲುವೇನಲ್ಲ. ಅವರ ತಂದೆಯ ಚಿಕಿತ್ಸೆ ನಿಲ್ಲಲಿಲ್ಲ.

ಮೊದಲು ಬದಲಾಗುವುದು ಏನು ಎಂಬ ಪ್ರಶ್ನೆಗೆ ನಾವು ಪತ್ರದಲ್ಲಿ ಕೊಟ್ಟ ಉತ್ತರ, ಜಾರಿಯ ದಿನದವರೆಗೆ ಏನೂ ಇಲ್ಲ ಎಂದು. ಕಾನೂನಿನ ಮಟ್ಟಿಗೆ ಅದು ಸರಿ. ಆದರೆ ನಿಜದಲ್ಲಿ ಮೊದಲು ಬದಲಾದದ್ದು ಖಾಲಿ ಕುರ್ಚಿಗಳು. ಪತ್ರ ಹೊರಟ ವಾರದಿಂದಲೇ ಕಚೇರಿಯಲ್ಲಿ ಯಾರು ಬಿಟ್ಟುಹೋದರೂ ಆ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲು ಅನುಮತಿ ಸಿಗಲಿಲ್ಲ. ಯಾರೂ ಆದೇಶ ಹೊರಡಿಸಿರಲಿಲ್ಲ, ಕಡತ ಮೇಲೆ ಹೋಗಿ ಅಲ್ಲೇ ಕೂರುತ್ತಿತ್ತು. ವಿಲೀನದ ನಿಜವಾದ ವೇಗ ನೋಡಬೇಕಾದವರು ಘೋಷಣೆ ಓದುವುದಕ್ಕಿಂತ, ಬಿಟ್ಟವರ ಜಾಗಕ್ಕೆ ಜನ ಬರುತ್ತಿದ್ದಾರೆಯೇ ಎಂದು ನೋಡುವುದು ಒಳ್ಳೆಯದು. ಆಮೇಲೆ ಖರೀದಿಯಲ್ಲಿ ದೊಡ್ಡ ಒಪ್ಪಂದಗಳು ಒಂದು ವರ್ಷದ ಬದಲು ಮೂರು ತಿಂಗಳಿಗೆ ನವೀಕರಣವಾಗತೊಡಗಿದವು. ಅದನ್ನು ನೋಡಿಯೇ ಖರೀದಿ ವಿಭಾಗದ ಇಬ್ಬರು ಹೊರಗೆ ಕೆಲಸ ಹುಡುಕಿಕೊಂಡರು. ಅವರ ಲೆಕ್ಕ ತಪ್ಪಿರಲಿಲ್ಲ.

ಡಿಸೆಂಬರ್ 15ರ ಮಾತನ್ನು ಉಳಿಸಿಕೊಂಡೆವು. ಆ ಐದು ವಿಭಾಗಗಳ ಪ್ರತಿಯೊಬ್ಬರನ್ನೂ ಕರೆದು ಕೂರಿಸಿ ಹೇಳಿದೆವು. ಕೆಲವರಿಗೆ ಪುಣೆಗೆ ಹೋಗುವ ಆಯ್ಕೆ, ಕೆಲವರಿಗೆ ಬೊಮ್ಮಸಂದ್ರದಲ್ಲೇ ಬೇರೆ ಹುದ್ದೆ, ಕೆಲವರಿಗೆ ನೋಟಿಸ್ ಅವಧಿಯ ಮೇಲೆ ಸೇವೆಯ ವರ್ಷಗಳಿಗೆ ತಕ್ಕ ಪರಿಹಾರ. ಫ್ಲಾಟು ಕೊಂಡ ಗೆಳತಿಗೆ ಪುಣೆಯ ಹುದ್ದೆ ಬಂತು. ಅವಳು ಒಪ್ಪಲಿಲ್ಲ, ಪರಿಹಾರ ತೆಗೆದುಕೊಂಡು ಎಲೆಕ್ಟ್ರಾನಿಕ್ ಸಿಟಿಯಲ್ಲೇ ಬೇರೆ ಕಡೆ ಸೇರಿದಳು. ನೀನು ಮುಂಚೆ ಗೊತ್ತಿದ್ದೂ ಹೇಳಲಿಲ್ಲ ಎಂದು ಒಮ್ಮೆ ಕೇಳಿದಳು. ಹೇಳುವಂತಿರಲಿಲ್ಲ ಎಂದೆ. ಅದಕ್ಕೆ ಅವಳು ಏನೂ ಅನ್ನಲಿಲ್ಲ.

ಆ ಪತ್ರದಲ್ಲಿ ಒಂದೇ ಒಂದು ಸಾಲೂ ಇಲ್ಲದಿದ್ದವರು ಗುತ್ತಿಗೆ ಕಾರ್ಮಿಕರು. ಪ್ಯಾಕಿಂಗ್, ಲೋಡಿಂಗ್, ಹೌಸ್‌ಕೀಪಿಂಗ್ ಮಾಡುವವರೆಲ್ಲ ಗುತ್ತಿಗೆದಾರರ ಮೂಲಕ ಬಂದವರು, ನಮ್ಮ ವೇತನಪಟ್ಟಿಯಲ್ಲಿ ಇಲ್ಲದವರು. ಸೇವೆ ಮುಂದುವರಿಯುತ್ತದೆ ಎಂಬ ಕಲಮು ಅವರಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಕಾಗದದ ಮೇಲೆ ಅವರು ಕಂಪನಿಯ ನೌಕರರಲ್ಲ. ಕಾನೂನು ಸಲಹೆಗಾರರು ಅವರ ಹೆಸರನ್ನು ಪತ್ರದಲ್ಲಿ ಎತ್ತಲೇಬಾರದು ಎಂದರು: ಎತ್ತಿದರೆ ನಾವೇ ಅವರ ಮಾಲೀಕರೆಂದು ಒಪ್ಪಿಕೊಂಡಂತೆ. ಅವರೂ ಅದೇ ಬೋರ್ಡಿನ ಮುಂದೆ ನಿಂತು ಪೂರ್ತಿ ಓದಿದರು. ಪ್ಯಾಕಿಂಗಿನ ಒಬ್ಬ ಹುಡುಗ, ರಾಯಚೂರಿನ ಕಡೆಯವನು, "ಇದ್ರಾಗ ನಮ್ದೇನೂ ಬರ್ದಿಲ್ಲಲ್ರೀ ಮೇಡಂ" ಎಂದ.

ವಾರದೊಳಗೆ ಗುತ್ತಿಗೆದಾರರನ್ನು ಕರೆಸಿ, ಚಾಲ್ತಿಯಲ್ಲಿದ್ದ ಒಪ್ಪಂದಗಳನ್ನೆಲ್ಲ ತೆಗೆಸಿ ನೋಡಿದೆ. ಎಲ್ಲವೂ 2019ರ ಮಾರ್ಚ್ 31ಕ್ಕೆ ಮುಗಿಯುವಂಥವು. ಅವರ ಕೈಯಲ್ಲೇ ಅವರ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು ಬರೆಸಿದೆ: ಒಪ್ಪಂದ ಮಾರ್ಚ್ 31ರವರೆಗೆ ಇದೆ, ಆ ನಂತರದ್ದು ಫೆಬ್ರವರಿ ಕೊನೆಯೊಳಗೆ ತಿಳಿಸಲಾಗುವುದು. ಅದನ್ನು ನಮ್ಮ ನೋಟಿಸಿನ ಪಕ್ಕದಲ್ಲೇ ಅಂಟಿಸಿದೆವು. ಮಾರ್ಚ್ ನಂತರ ಪ್ಯಾಕಿಂಗ್ ಗುತ್ತಿಗೆ ಪುಣೆಯವರ ಗುತ್ತಿಗೆದಾರರಿಗೆ ಹೋಯಿತು. ಹಳಬರಲ್ಲಿ ಹೆಚ್ಚಿನವರನ್ನು ಅವರು ತೆಗೆದುಕೊಂಡರು, ಎಲ್ಲರನ್ನೂ ಅಲ್ಲ. ರಾಯಚೂರಿನ ಹುಡುಗ ಫೆಬ್ರವರಿಯ ನೋಟಿಸು ನೋಡಿದ ವಾರವೇ ಅತ್ತಿಬೆಲೆಯ ಗೋದಾಮೊಂದರಲ್ಲಿ ಕೆಲಸ ನೋಡಿಕೊಂಡು, ತನ್ನ ಪಿಎಫ್ ವರ್ಗಾವಣೆಯ ಅರ್ಜಿ ತುಂಬಿಸಿಕೊಳ್ಳಲು ನನ್ನ ಹತ್ತಿರ ಬಂದಿದ್ದ.